ಕಂಟ್ರೋಲ್ ವಾಲ್ವಿನ ವಿವರಪಟ್ಟಿಯನ್ನು ಕನ್ನಡಕ್ಕೆ ತರುವಾಗ: ಮೂರು ಸಾಲುಗಳ ಪರಿಶೀಲನೆ

ಉಗಿ, ನೀರು ಅಥವಾ ರಾಸಾಯನಿಕ ದ್ರವಗಳನ್ನು ಬಳಸುವ ಸಣ್ಣ ಕೈಗಾರಿಕಾ ಘಟಕಗಳು ಕಂಟ್ರೋಲ್ ವಾಲ್ವನ್ನು ಕೊಳ್ಳುವಾಗ, ದರಪಟ್ಟಿಯ ಜೊತೆಗೆ ಒಂದೆರಡು ಪುಟಗಳ ತಾಂತ್ರಿಕ ವಿವರಪಟ್ಟಿಯೂ ಬರುತ್ತದೆ. ವಾಡಿಕೆಯಲ್ಲಿ ಇದಕ್ಕೆ ಡೇಟಾಶೀಟ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಘಟಕದೊಳಗೆ ಇದನ್ನು ಕನ್ನಡಕ್ಕೆ ತರಬೇಕಾದ ಸಂದರ್ಭಗಳು ಎರಡು. ಮೊದಲನೆಯದು, ಬೇರೆ ಬೇರೆ ಸರಬರಾಜುದಾರರ ದರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ತುಲನಾ ಪಟ್ಟಿ. ಎರಡನೆಯದು, ಯಂತ್ರದ ಪಕ್ಕದಲ್ಲಿ ತೂಗುಹಾಕಿ ಪಾಳಿಯ ಆಪರೇಟರ್ ಓದಿಕೊಳ್ಳಬೇಕಾದ ಹಾಳೆ. ಒಂದರಲ್ಲಿ ಹಣದ ಪ್ರಶ್ನೆಯಿದ್ದರೆ ಮತ್ತೊಂದರಲ್ಲಿ ಜೀವದ ಪ್ರಶ್ನೆಯಿದೆ.

ವಿವರಪಟ್ಟಿಯ ಹೆಚ್ಚಿನ ಸಾಲುಗಳು ಅನುವಾದಕ್ಕೆ ತೊಡಕಾಗುವಂಥವಲ್ಲ. ವಾಲ್ವಿನ ಅಳತೆ, ಹೊರಮೈಯ ಲೋಹ, ಫ್ಲೇಂಜಿನ ದರ್ಜೆ ಮುಂತಾದವುಗಳಲ್ಲಿ ತಪ್ಪಾದರೂ ಸರಕು ಬಂದ ದಿನವೇ ಅದು ಕಣ್ಣಿಗೆ ಬೀಳುತ್ತದೆ. ಆದರೆ ಹರಿವಿನ ಗುಣಾಂಕ, ಫೇಲ್-ಸೇಫ್ ಸ್ಥಾನ ಮತ್ತು ಸ್ಟ್ರೋಕ್ ಎಂಬ ಮೂರು ಸಾಲುಗಳ ವಿಷಯ ಬೇರೆ. ಇವುಗಳ ತಪ್ಪು ಅನುವಾದವೂ ಓದುವುದಕ್ಕೆ ಸರಾಗವಾಗಿಯೇ ಇರುತ್ತದೆ. ಆದ್ದರಿಂದ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಇದಕ್ಕೆ ಕಾರಣವಿಷ್ಟೆ: ಈ ಮೂರೂ ಸಾಲುಗಳು ಮೂಲದಲ್ಲಿಯೇ ಅರ್ಧ ವಾಕ್ಯಗಳು. ಗುಣಾಂಕ ಎಂದರೆ ಯಾವ ಅಳತೆಯಲ್ಲಿ, ಫೇಲ್ ಎಂದರೆ ಯಾವುದು ನಿಂತಾಗ, ಸ್ಟ್ರೋಕ್ ಎಂದರೆ ಯಾವ ಭಾಗದ ಚಲನೆ ಎಂಬುದನ್ನು ಅವು ಹೇಳದೆ ಬಿಟ್ಟಿರುತ್ತವೆ. ತಜ್ಞ ಎಂಜಿನಿಯರ್ ಅದನ್ನು ಮನಸ್ಸಿನಲ್ಲಿಯೇ ಪೂರ್ಣಗೊಳಿಸಿಕೊಳ್ಳುತ್ತಾನೆ. ಕನ್ನಡದ ಹಾಳೆಯನ್ನು ಓದುವವನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಇಲ್ಲಿ ಅನುವಾದಕನ ಕೆಲಸ ಪದಕ್ಕೆ ಪದವನ್ನಿಡುವುದಲ್ಲ, ಅರ್ಧ ವಾಕ್ಯವನ್ನು ಪೂರ್ಣಗೊಳಿಸುವುದು.

ಉದಾಹರಣೆಗೆ ಒಂದು ಘಟಕ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ಅದು ಪ್ಲೈವುಡ್ ಕಾರ್ಖಾನೆಗಳಿಗೆ ಬೇಕಾದ ಫೀನಾಲ್-ಫಾರ್ಮಾಲ್ಡಿಹೈಡ್ ಅಂಟನ್ನು ತಯಾರಿಸುತ್ತದೆ. ಅಂಟು ತಯಾರಾಗುವ ರಿಯಾಕ್ಟರಿನ ಹೊರಸುತ್ತಿನ ಜಾಕೆಟ್ಟಿಗೆ ಉಗಿ ಹರಿಯುತ್ತದೆ. ಒಳಗಿರುವ ಸುರುಳಿ ಕೊಳವೆಯಲ್ಲಿ ತಣ್ಣೀರು ಹರಿಯುತ್ತದೆ. ಆರಂಭದಲ್ಲಿ ಉಗಿಯಿಂದ ಬಿಸಿ ಕೊಡಬೇಕು. ರಾಸಾಯನಿಕ ಕ್ರಿಯೆ ಶುರುವಾದ ಮೇಲೆ ಅದೇ ಶಾಖವನ್ನು ಹೊರಹಾಕುತ್ತದೆ. ಆಗ ಉಗಿಯನ್ನು ನಿಲ್ಲಿಸಿ ತಣ್ಣೀರು ಹರಿಸಬೇಕು. ತಂಪು ಸಾಲದಿದ್ದರೆ ಶಾಖ ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚಿ, ಕ್ರಿಯೆ ಹೆಚ್ಚಿದಷ್ಟೂ ಶಾಖ ಹೆಚ್ಚಿ, ಕೊನೆಗೆ ಅದು ಹತೋಟಿ ಮೀರುತ್ತದೆ.

ಈ ರಿಯಾಕ್ಟರಿಗೆ ಎರಡು ಕಂಟ್ರೋಲ್ ವಾಲ್ವುಗಳಿವೆ: ಉಗಿಗೆ ಒಂದು, ತಣ್ಣೀರಿಗೆ ಒಂದು. ಎರಡೂ ಗಾಳಿಯ ಒತ್ತಡದಿಂದ ನಡೆಯುವಂಥವು. ವಾಲ್ವಿನ ಮೇಲೆ ಕೂರುವ, ಅದನ್ನು ತೆರೆದು ಮುಚ್ಚುವ ಭಾಗಕ್ಕೆ ಆಕ್ಚುಯೇಟರ್ ಎಂದು ಹೆಸರು. ಅದರೊಳಗೆ ಒಂದು ರಬ್ಬರಿನ ಡಯಾಫ್ರಾಮ್ ಮತ್ತು ಸ್ಪ್ರಿಂಗುಗಳಿರುತ್ತವೆ. ಗಾಳಿಯ ಒತ್ತಡ ಡಯಾಫ್ರಾಮನ್ನು ಒಂದು ಕಡೆಗೆ ನೂಕಿದರೆ ಸ್ಪ್ರಿಂಗು ಇನ್ನೊಂದು ಕಡೆಗೆ ನೂಕುತ್ತದೆ. ಅದಕ್ಕೆ ಜೋಡಿಸಿದ ಸ್ಪಿಂಡಲ್ ಮೇಲೆ ಕೆಳಗೆ ಚಲಿಸಿ, ವಾಲ್ವಿನೊಳಗಿನ ಪ್ಲಗ್ಗನ್ನು ಅದರ ಸೀಟಿನಿಂದ ಎತ್ತುತ್ತದೆ ಅಥವಾ ಸೀಟಿನ ಮೇಲೆ ಕೂರಿಸುತ್ತದೆ. ಆಕ್ಚುಯೇಟರ್ ಎಂಬುದನ್ನು ಕೆಲವರು 'ಚಾಲಕ' ಎಂದು ಅನುವಾದಿಸುವುದುಂಟು. ಕಾರ್ಖಾನೆಯ ಹಾಳೆಯಲ್ಲಿ ಅದು ಯಂತ್ರ ನಡೆಸುವ ವ್ಯಕ್ತಿ ಎಂಬ ಅರ್ಥ ಕೊಡುವುದರಿಂದ ಆಕ್ಚುಯೇಟರ್ ಎಂದೇ ಉಳಿಸಿಕೊಳ್ಳುವುದು ಲೇಸು.

ಹರಿವಿನ ಗುಣಾಂಕ: ಯಾವ ಅಳತೆಯಲ್ಲಿ?

ವಾಲ್ವಿನ ಸಾಮರ್ಥ್ಯವನ್ನು ಸೂಚಿಸುವ ಅಂಕಿಗೆ ಹರಿವಿನ ಗುಣಾಂಕ ಎಂದು ಹೆಸರು. ಇದನ್ನು 'ಹರಿವಿನ ಪ್ರಮಾಣ' ಎಂದು ಬರೆಯುವುದು ಮೊದಲ ತಪ್ಪು. ಹರಿವಿನ ಪ್ರಮಾಣವೆಂದರೆ ಗಂಟೆಗೆ ನಿಜವಾಗಿ ಹರಿಯುವ ನೀರು. ಅದು ವಾಲ್ವಿನ ಎರಡು ಬದಿಗಳ ಒತ್ತಡದ ವ್ಯತ್ಯಾಸವನ್ನು ಅವಲಂಬಿಸಿ ಬದಲಾಗುತ್ತದೆ. ಗುಣಾಂಕವಾದರೋ ಒಂದು ನಿಶ್ಚಿತ ಷರತ್ತಿನಲ್ಲಿ ಅಳೆದ, ವಾಲ್ವಿನ ಸ್ವಂತ ಗುಣ.

ಈ ಷರತ್ತು ಎರಡು ಪದ್ಧತಿಗಳಲ್ಲಿ ಎರಡು ಬಗೆಯಾಗಿದೆ. ಮೆಟ್ರಿಕ್ ಪದ್ಧತಿಯ Kv ಎಂದರೆ ವಾಲ್ವಿನ ಎರಡು ಬದಿಗಳ ನಡುವೆ 1 ಬಾರ್ ಒತ್ತಡದ ಇಳಿತವಿರುವಾಗ ಗಂಟೆಗೆ ಎಷ್ಟು ಘನಮೀಟರ್ ನೀರು ಹರಿಯುತ್ತದೆ ಎಂಬ ಅಂಕಿ. ಅಮೆರಿಕದ ಪದ್ಧತಿಯ Cv ಎಂದರೆ ಚದರ ಅಂಗುಲಕ್ಕೆ 1 ಪೌಂಡ್ ಒತ್ತಡದ ಇಳಿತವಿರುವಾಗ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹರಿಯುತ್ತದೆ ಎಂಬ ಅಂಕಿ. ಒಂದೇ ವಾಲ್ವಿಗೆ ಈ ಎರಡು ಅಂಕಿಗಳು ಬೇರೆ ಬೇರೆಯಾಗಿರುತ್ತವೆ. Cv ಅಂಕಿಯನ್ನು 1.156ರಿಂದ ಭಾಗಿಸಿದರೆ Kv ದೊರೆಯುತ್ತದೆ. Kvs ಎಂದು ಕೊನೆಯಲ್ಲಿ ಒಂದು ಅಕ್ಷರ ಸೇರಿದ್ದರೆ, ಅದು ವಾಲ್ವು ಪೂರ್ಣವಾಗಿ ತೆರೆದಾಗ ಆ ಮಾದರಿಗೆ ತಯಾರಕರು ಘೋಷಿಸಿದ Kv ಮೌಲ್ಯ. ಆ ಅಕ್ಷರ ಬಹುವಚನದ ಚಿಹ್ನೆಯಲ್ಲ.

ವಿವರಪಟ್ಟಿಯಲ್ಲಿ ಈ ಚಿಹ್ನೆಯ ಮುಂದೆ ಅಳತೆಯ ಮಾನವನ್ನು ಬಹಳ ಸಲ ನಮೂದಿಸಿರುವುದಿಲ್ಲ. ಕನ್ನಡಕ್ಕೆ ತರುವವರು ಚಿಹ್ನೆಯನ್ನೂ ಕೈಬಿಟ್ಟು 'ಹರಿವಿನ ಗುಣಾಂಕ' ಎಂದಷ್ಟೇ ಬರೆದರೆ, ಎರಡು ಪದ್ಧತಿಗಳ ಅಂಕಿಗಳು ಒಂದೇ ಕಾಲಮ್ಮಿನಲ್ಲಿ ಬೆರೆತುಹೋಗುತ್ತವೆ. ಉದಾಹರಣೆಯ ಘಟಕದಲ್ಲಿ ಇದರ ಪರಿಣಾಮವನ್ನು ನೋಡಬಹುದು.

ತಣ್ಣೀರಿನ ಸುರುಳಿಗೆ ಗಂಟೆಗೆ 12 ಘನಮೀಟರ್ ನೀರು ಬೇಕು. ವಾಲ್ವಿಗೆ ದೊರೆಯುವ ಒತ್ತಡದ ಇಳಿತ 0.64 ಬಾರ್. ನೀರಿಗೆ ಸಂಬಂಧಿಸಿದಂತೆ ಲೆಕ್ಕದ ಸೂತ್ರ ಸರಳವಾಗಿದೆ:

Kv = Q ÷ √ΔP = 12 ÷ √0.64 = 12 ÷ 0.8 = 15

ಇಲ್ಲಿ Q ಎಂಬುದು ಗಂಟೆಗೆ ಘನಮೀಟರಿನಲ್ಲಿ ಹರಿವು, ΔP ಎಂಬುದು ಬಾರ್‌ನಲ್ಲಿ ಒತ್ತಡದ ಇಳಿತ. ಅಂದರೆ ಘಟಕಕ್ಕೆ ಕನಿಷ್ಠ 15ರ Kv ಬೇಕು. ಒಬ್ಬ ಸರಬರಾಜುದಾರನ ವಿವರಪಟ್ಟಿಯಲ್ಲಿ Kvs 16 ಎಂದಿದೆ. ಇನ್ನೊಬ್ಬನದರಲ್ಲಿ Cv 17 ಎಂದಿದೆ. ತುಲನಾ ಪಟ್ಟಿಯಲ್ಲಿ 'ಹರಿವಿನ ಗುಣಾಂಕ' ಎಂಬ ಶೀರ್ಷಿಕೆಯ ಕೆಳಗೆ 16 ಮತ್ತು 17 ಎಂದು ಬರೆಯಲಾಗಿದೆ. ಎರಡೂ 15ಕ್ಕಿಂತ ಹೆಚ್ಚು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು. ತುಸು ಹೆಚ್ಚು ಬೆಲೆಯಾದರೂ ಎರಡನೆಯದನ್ನೇ ಕೊಳ್ಳಲು ಯಾರಾದರೂ ಸಹಿ ಹಾಕಿಯಾರು.

ಆದರೆ 17ನ್ನು 1.156ರಿಂದ ಭಾಗಿಸಿದರೆ ಬರುವುದು 14.7. ಆ ವಾಲ್ವು ಪೂರ್ಣವಾಗಿ ತೆರೆದಾಗಲೂ ಅದರಲ್ಲಿ ಹರಿಯುವ ನೀರು 14.7 × 0.8, ಅಂದರೆ ಗಂಟೆಗೆ ಸುಮಾರು 11.8 ಘನಮೀಟರ್. ಕಾಗದದ ಮೇಲೆ ದೊಡ್ಡದಾಗಿ ಕಂಡ ವಾಲ್ವು ಕನಿಷ್ಠ ಅಗತ್ಯವನ್ನೂ ಪೂರೈಸಲಾರದು. ಮೊದಲನೆಯದು 12.8 ಘನಮೀಟರ್ ಹರಿಸುತ್ತದೆಯಾದರೂ, ಘೋಷಿತ ಮೌಲ್ಯದಲ್ಲಿ ಶೇಕಡಾ 10ರಷ್ಟು ವ್ಯತ್ಯಾಸಕ್ಕೆ ಅವಕಾಶವಿರುವುದರಿಂದ ಅದೂ ತೀರಾ ಅಂಚಿನಲ್ಲಿದೆ. ಮುಂದಿನ ಶ್ರೇಣಿಯಾದ Kvs 25ರ ವಾಲ್ವನ್ನು ಆರಿಸುವುದು ವಿವೇಕದ ಮಾರ್ಗ. ಘಟಕ ಅದನ್ನೇ ಆರಿಸಿತೆಂದು ಭಾವಿಸಿ ಮುಂದುವರಿಯೋಣ.

ಆದ್ದರಿಂದ ಅನುವಾದದಲ್ಲಿ Kv, Kvs, Cv ಎಂಬ ಚಿಹ್ನೆಗಳನ್ನು ಮೂಲ ಅಕ್ಷರಗಳಲ್ಲಿಯೇ ಉಳಿಸಿ, ಮುಂದೆ ಮಾನವನ್ನು ಪೂರ್ತಿಯಾಗಿ ಬರೆಯಬೇಕು. ಗ್ಯಾಲನ್ ಎಂದು ಬರೆಯುವಲ್ಲಿ 'ಅಮೆರಿಕನ್' ಎಂಬ ವಿಶೇಷಣ ಅಗತ್ಯ. ಬ್ರಿಟಿಷ್ ಗ್ಯಾಲನ್ ಅದಕ್ಕಿಂತ ದೊಡ್ಡದು, ಮತ್ತು ಹಳೆಯ ಬ್ರಿಟಿಷ್ ಪಟ್ಟಿಗಳಲ್ಲಿ ಅದರ ಲೆಕ್ಕವೂ ಕಾಣಸಿಗುತ್ತದೆ. Kv ಎಂಬುದನ್ನು ವಿದ್ಯುತ್ತಿನ ಕಿಲೋವೋಲ್ಟ್ ಎಂದು ಓದುವ ತಪ್ಪೂ ಆಗುತ್ತದೆ. ಮೇಲಿನ ಸೂತ್ರ ನೀರಿಗೆ ಮಾತ್ರ ಅನ್ವಯಿಸುತ್ತದೆ. ಉಗಿಗೆ ಬೇರೆ ಸೂತ್ರವಿದ್ದು, ಉಗಿ ವಾಲ್ವಿನ ಲೆಕ್ಕವನ್ನು ತಯಾರಕರಿಂದ ಬರವಣಿಗೆಯಲ್ಲಿಯೇ ಪಡೆಯುವುದು ಒಳ್ಳೆಯದು.

ಫೇಲ್-ಸೇಫ್ ಸ್ಥಾನ: ಯಾವುದು ನಿಂತಾಗ?

ಎರಡನೆಯ ಸಾಲಿನಲ್ಲಿ ಅನುವಾದ ಪೂರ್ತಿ ತಲೆಕೆಳಗಾಗುವ ಅಪಾಯವಿದೆ. ತಣ್ಣೀರಿನ ವಾಲ್ವಿನ ವಿವರಪಟ್ಟಿಯಲ್ಲಿ 'ಫೇಲ್ ಓಪನ್' ಎಂದೂ, ಉಗಿ ವಾಲ್ವಿನದರಲ್ಲಿ 'ಫೇಲ್ ಕ್ಲೋಸ್' ಎಂದೂ ಇರುತ್ತದೆ. ನಿಘಂಟನ್ನು ಮಾತ್ರ ನೋಡಿ ಅನುವಾದಿಸುವವರು ಮೊದಲನೆಯದನ್ನು 'ತೆರೆಯಲು ವಿಫಲವಾಗುತ್ತದೆ' ಎಂದೂ ಎರಡನೆಯದನ್ನು 'ಮುಚ್ಚಲು ವಿಫಲವಾಗುತ್ತದೆ' ಎಂದೂ ಬರೆದುಬಿಡುತ್ತಾರೆ. ನಿಜವಾದ ಅರ್ಥ ಇದಕ್ಕೆ ನೇರ ವಿರುದ್ಧ. ಇಲ್ಲಿ ವಿಫಲವಾಗುವುದು ವಾಲ್ವಲ್ಲ, ಅದನ್ನು ನಡೆಸುವ ಗಾಳಿ. ಗಾಳಿ ನಿಂತಾಗ ಸ್ಪ್ರಿಂಗು ತನ್ನ ಬಲದಿಂದ ಮೊದಲನೆಯ ವಾಲ್ವನ್ನು ತೆರೆಯುತ್ತದೆ, ಎರಡನೆಯದನ್ನು ಮುಚ್ಚುತ್ತದೆ.

ರಿಯಾಕ್ಟರಿಗೆ ಇದೇ ಬೇಕಾದದ್ದು. ಕಂಪ್ರೆಸರ್ ಕೆಟ್ಟರೆ ಉಗಿ ತಾನಾಗಿ ನಿಲ್ಲಬೇಕು, ತಣ್ಣೀರು ತಾನಾಗಿ ಹರಿಯಬೇಕು. ಎರಡು ವಾಲ್ವುಗಳ ಹೊರರೂಪ ಹೆಚ್ಚುಕಡಿಮೆ ಒಂದೇ. ಬದಲಾಗಿರುವುದು ಒಳಗಿನ ಸ್ಪ್ರಿಂಗಿನ ದಿಕ್ಕು. ಹಾಳೆಯಲ್ಲಿ ತಪ್ಪಾಗಿ ಬರೆದಿದ್ದರೆ, ಗಾಳಿ ನಿಂತ ರಾತ್ರಿ ಆಪರೇಟರ್ ತಣ್ಣೀರು ಹರಿಯುತ್ತಿರುವಾಗಲೇ ಅದು ನಿಂತಿದೆಯೆಂದು ಬೈಪಾಸ್ ತೆರೆಯಲು ಓಡುತ್ತಾನೆ. ಕೈಯಿಂದ ಮುಚ್ಚಬೇಕಾದುದನ್ನು ಬಿಟ್ಟು ಬೇರೆಡೆ ಹೊತ್ತು ಕಳೆಯುತ್ತಾನೆ. ಇನ್ನೂ ಕೆಟ್ಟ ಸ್ಥಿತಿಯೆಂದರೆ, ಅದೇ ತಪ್ಪು ಹಾಳೆಯನ್ನು ಆಧರಿಸಿ ಬದಲಿ ವಾಲ್ವಿಗೆ ಆದೇಶ ಹೋಗುವುದು.

ಇದೇ ವಿಷಯವನ್ನು ತಯಾರಕರು ಬೇರೆ ಮಾತುಗಳಲ್ಲಿಯೂ ಹೇಳುತ್ತಾರೆ. 'ಏರ್ ಟು ಓಪನ್' ಎಂದರೆ ಗಾಳಿ ಕೊಟ್ಟಾಗ ತೆರೆಯುವಂಥದ್ದು. ಆದ್ದರಿಂದ ಗಾಳಿ ಹೋದಾಗ ಮುಚ್ಚುವಂಥದ್ದು. ಅದನ್ನು 'ಗಾಳಿಗೆ ತೆರೆದಿದೆ' ಎಂದು ಬರೆದರೆ ಅರ್ಥವೇ ಕೆಡುತ್ತದೆ. 'ನಾರ್ಮಲಿ ಕ್ಲೋಸ್ಡ್' ಎಂಬುದನ್ನು 'ಸಾಮಾನ್ಯವಾಗಿ ಮುಚ್ಚಿರುತ್ತದೆ' ಎಂದರೆ ಕೆಲಸದ ವೇಳೆಯಲ್ಲಿ ಮುಚ್ಚಿರುತ್ತದೆಂದು ಓದುಗ ತಿಳಿಯುತ್ತಾನೆ. ಆಕ್ಚುಯೇಟರಿನ ಪಟ್ಟಿಯಲ್ಲಿ ಅದರ ತಾತ್ಪರ್ಯ ಶಕ್ತಿ ಇಲ್ಲದಾಗ ಮುಚ್ಚಿರುತ್ತದೆ ಎಂಬುದು. 'ಫ್ಲೋ ಟು ಓಪನ್' ಎಂಬುದಂತೂ ಫೇಲ್-ಸೇಫ್ ಸ್ಥಾನಕ್ಕೆ ಸಂಬಂಧಿಸಿದ್ದೇ ಅಲ್ಲ; ದ್ರವ ಪ್ಲಗ್ಗಿನ ಯಾವ ಬದಿಯಿಂದ ಒಳಬರುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಎಫ್‌ಸಿ, ಎಫ್‌ಒ ಎಂಬ ಸಂಕ್ಷೇಪಗಳನ್ನು ಹಾಗೆಯೇ ಬಿಡುವುದೂ ಸರಿಯಲ್ಲ. ನಕ್ಷೆಗಳಲ್ಲಿ ಎಫ್‌ಸಿ ಎಂಬುದು ಹರಿವಿನ ನಿಯಂತ್ರಕಕ್ಕೂ ಸಂಕೇತವಾಗಿದೆ.

ಆಕ್ಚುಯೇಟರಿಗೆ ಪ್ರತ್ಯೇಕ ವಿವರಪಟ್ಟಿಯಿದ್ದರೆ ಅದರಲ್ಲಿ 'ಗಾಳಿ ಹೋದಾಗ ಸ್ಪಿಂಡಲ್ ಹೊರಚಾಚುತ್ತದೆ' ಎಂಬಂಥ ಮಾತಿರಬಹುದು. ಇದನ್ನು 'ವಾಲ್ವ್ ಮುಚ್ಚುತ್ತದೆ' ಎಂದು ವಿಸ್ತರಿಸಿ ಬರೆಯಬಾರದು. ಸ್ಪಿಂಡಲ್ ಕೆಳಗಿಳಿದಾಗ ಮುಚ್ಚುವ ವಾಲ್ವುಗಳೇ ಹೆಚ್ಚಾದರೂ, ಕೆಳಗಿಳಿದಾಗ ತೆರೆಯುವ ವಾಲ್ವುಗಳೂ ಇವೆ. ಆಕ್ಚುಯೇಟರ್ ಮತ್ತು ವಾಲ್ವ್ ಜೋಡಣೆಯಾದ ಮೇಲಷ್ಟೇ ಫಲಿತಾಂಶ ನಿಶ್ಚಯವಾಗುತ್ತದೆ.

ಇನ್ನು ನಿಲ್ಲುವುದು ಯಾವುದು ಎಂಬ ಪ್ರಶ್ನೆ. ಗಾಳಿ ಚೆನ್ನಾಗಿಯೇ ಇದ್ದು, ಕಂಟ್ರೋಲರಿನಿಂದ ಬರುವ 4ರಿಂದ 20 ಮಿಲಿಆಂಪಿಯರ್ ಸಂಕೇತದ ತಂತಿ ಮಾತ್ರ ಕಡಿದುಹೋಗಬಹುದು. ಆಗ ವಾಲ್ವು ಎತ್ತ ಹೋಗುತ್ತದೆ ಎಂಬುದನ್ನು ಆಕ್ಚುಯೇಟರಿನ ಪಕ್ಕದಲ್ಲಿರುವ ಪೊಸಿಷನರ್ ಎಂಬ ಉಪಕರಣ ನಿರ್ಧರಿಸುತ್ತದೆ. ಬಹುಪಾಲು ಜೋಡಣೆಗಳಲ್ಲಿ ಗಾಳಿ ನಿಂತಾಗಿನ ಸ್ಥಾನಕ್ಕೇ ಅದು ಹೋಗುತ್ತದೆಯಾದರೂ, ಪೊಸಿಷನರಿನ ಬಗೆ ಮತ್ತು ಹೊಂದಾಣಿಕೆಯಿಂದ ಇದು ಬದಲಾಗಬಲ್ಲದು. ಸ್ಪ್ರಿಂಗ್ ಇಲ್ಲದ ಸಾಮಾನ್ಯ ವಿದ್ಯುತ್ ಮೋಟಾರಿನ ಆಕ್ಚುಯೇಟರ್ ಆದರೆ ಕರೆಂಟ್ ಹೋದಾಗ ಇದ್ದಲ್ಲೇ ನಿಲ್ಲುತ್ತದೆ. ಆದ್ದರಿಂದ ಕನ್ನಡದ ಹಾಳೆಯಲ್ಲಿ ಒಂದು ಸಾಲಿನ ಬದಲು ಎರಡು ಸಾಲುಗಳಿರಬೇಕು: 'ಗಾಳಿ ನಿಂತಾಗ', 'ಸಂಕೇತ ನಿಂತಾಗ'. ಎರಡನೆಯದಕ್ಕೆ ಮೂಲದಲ್ಲಿ ಉತ್ತರವಿಲ್ಲದಿದ್ದರೆ ಊಹಿಸಿ ತುಂಬದೆ, ತಯಾರಕರನ್ನು ಕೇಳಿ ತುಂಬಬೇಕು.

'ಸೇಫ್' ಎಂಬ ಪದವನ್ನು 'ಸುರಕ್ಷಿತ' ಎಂದು ಅನುವಾದಿಸದಿರುವುದೇ ಉತ್ತಮ. ತಣ್ಣೀರಿನ ವಾಲ್ವು ತೆರೆದುಕೊಂಡ ಮಾತ್ರಕ್ಕೆ ರಿಯಾಕ್ಟರ್ ಸುರಕ್ಷಿತವಾಗುವುದಿಲ್ಲ. ವಿದ್ಯುತ್ ಹೋಗಿ ನೀರಿನ ಪಂಪೇ ನಿಂತಿದ್ದರೆ ತೆರೆದ ವಾಲ್ವಿನಿಂದ ಪ್ರಯೋಜನವಿಲ್ಲ. ಒತ್ತಡ ಮಿತಿಮೀರಿದಾಗ ಕಾಪಾಡುವ ಸೇಫ್ಟಿ ವಾಲ್ವಿನ ಸ್ಥಾನವನ್ನೂ ಕಂಟ್ರೋಲ್ ವಾಲ್ವು ತುಂಬಲಾರದು. 'ಗಾಳಿ ನಿಂತಾಗಿನ ಸ್ಥಾನ' ಎಂಬ ಸರಳ ಮಾತು ಇರುವುದನ್ನಷ್ಟೇ ಹೇಳುತ್ತದೆ, ಇಲ್ಲದ ಭರವಸೆ ಕೊಡುವುದಿಲ್ಲ.

ಸ್ಟ್ರೋಕ್: ಯಾವುದರ ಚಲನೆ?

ಸ್ಟ್ರೋಕ್ ಎಂಬುದನ್ನು 'ಹೊಡೆತ' ಎಂದು ಬರೆದ ಅನುವಾದ ನಗೆಗೆ ಈಡಾಗುತ್ತದೆಯೇ ಹೊರತು ನಷ್ಟ ತರುವುದಿಲ್ಲ. ಕಾರ್ಮಿಕರು ಸ್ಟ್ರೋಕ್ ಎಂದೇ ಹೇಳುತ್ತಾರೆ. ಅದನ್ನೇ ಉಳಿಸಿ, 'ಸ್ಪಿಂಡಲ್ ಚಲಿಸುವ ದೂರ' ಎಂದು ವಿವರಿಸಿದರೆ ಸಾಕು. ನಿಜವಾದ ನಷ್ಟ ಬರುವುದು ಯಾವುದರ ಸ್ಟ್ರೋಕ್ ಎಂದು ಹೇಳದಿದ್ದಾಗ.

ವಾಲ್ವಿನ ಪಟ್ಟಿಯಲ್ಲಿರುವ ಸ್ಟ್ರೋಕ್ ಎಂದರೆ, ಮುಚ್ಚಿದ ಸ್ಥಿತಿಯಿಂದ ಪೂರ್ಣವಾಗಿ ತೆರೆಯಲು ಪ್ಲಗ್ ಎಷ್ಟು ಮೇಲೇಳಬೇಕು ಎಂಬುದು. ಆಕ್ಚುಯೇಟರಿನ ಪಟ್ಟಿಯಲ್ಲಿರುವ ಸ್ಟ್ರೋಕ್ ಎಂದರೆ, ಅದು ಎಷ್ಟು ದೂರ ಚಲಿಸಬಲ್ಲದು ಎಂಬುದು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಿದ್ದರೆ ಮಿತಿಯನ್ನು ಹೊಂದಿಸಿಕೊಳ್ಳಬಹುದು. ಕಡಿಮೆಯಿದ್ದರೆ ವಾಲ್ವು ಎಂದೂ ಪೂರ್ಣವಾಗಿ ತೆರೆಯುವುದಿಲ್ಲ. Kvs ಎಂಬ ಘೋಷಿತ ಗುಣಾಂಕ ಪೂರ್ಣ ಸ್ಟ್ರೋಕಿಗೆ ಮಾತ್ರ ಸತ್ಯವಾದ್ದರಿಂದ, ಈ ಎರಡು ಸಾಲುಗಳು ಪರಸ್ಪರ ಬಿಗಿಯಾಗಿ ಬೆಸೆದುಕೊಂಡಿವೆ.

ನಮ್ಮ ಉದಾಹರಣೆಯ ತಣ್ಣೀರಿನ ವಾಲ್ವಿಗೆ 20 ಮಿ.ಮೀ. ಸ್ಟ್ರೋಕ್ ಬೇಕು. ಬೇರೆಡೆಯಿಂದ ಅಗ್ಗವಾಗಿ ತಂದ ಆಕ್ಚುಯೇಟರಿನದು 15 ಮಿ.ಮೀ. ಎರಡು ಕನ್ನಡ ಹಾಳೆಗಳಲ್ಲಿಯೂ ಬರೀ 'ಸ್ಟ್ರೋಕ್' ಎಂದಿರುವುದರಿಂದ ಯಾರೂ ಹೋಲಿಸಿ ನೋಡಲಿಲ್ಲವೆಂದು ಭಾವಿಸೋಣ. ಕಾಲುಭಾಗ ಚಲನೆ ಕಡಿಮೆಯಾದರೆ ಕಾಲುಭಾಗ ನೀರು ಕಡಿಮೆಯಾದೀತು ಎಂದು ತೋರುತ್ತದೆ. ಆದರೆ ಹಾಗಾಗುವುದು ಪ್ಲಗ್ಗಿನ ಹರಿವಿನ ಗುಣ 'ಲೀನಿಯರ್' ಆಗಿದ್ದರೆ ಮಾತ್ರ.

ಶಾಖ ನಿಯಂತ್ರಣದ ವಾಲ್ವುಗಳಲ್ಲಿ ಬಹಳ ಸಲ 'ಈಕ್ವಲ್ ಪರ್ಸೆಂಟೇಜ್' ಎಂಬ ಬೇರೆ ಗುಣದ ಪ್ಲಗ್ ಇರುತ್ತದೆ. ಇದನ್ನು 'ಸಮಪ್ರಮಾಣ' ಎಂದು ಅನುವಾದಿಸುವವರಿದ್ದಾರೆ. ಅದು ಲೀನಿಯರ್ ಎಂಬುದಕ್ಕೆ ಹೊಂದುವ ಮಾತು. ಈಕ್ವಲ್ ಪರ್ಸೆಂಟೇಜ್ ಎಂದರೆ, ಸ್ಪಿಂಡಲ್ ಒಂದೊಂದು ಮಿ.ಮೀ. ಮೇಲೆದ್ದಾಗಲೂ ಹರಿವು ಅದುವರೆಗಿದ್ದ ಹರಿವಿನ ಇಂತಿಷ್ಟು ಶೇಕಡಾದಂತೆ ಹೆಚ್ಚುವುದು. ಲೆಕ್ಕಪತ್ರ ಬಲ್ಲವರಿಗೆ ಇದು ಚಕ್ರಬಡ್ಡಿಯ ಲೆಕ್ಕವೇ. ಚಕ್ರಬಡ್ಡಿಯಲ್ಲಿ ಕೊನೆಯ ವರ್ಷಗಳಲ್ಲಿಯೇ ಮೊತ್ತ ಹೆಚ್ಚು ಬೆಳೆಯುವಂತೆ, ಇಲ್ಲಿ ಸ್ಟ್ರೋಕಿನ ಕೊನೆಯ ಭಾಗದಲ್ಲಿಯೇ ಹರಿವು ಹೆಚ್ಚು ಬೆಳೆಯುತ್ತದೆ. ಆ ಕೊನೆಯ ಭಾಗವೇ ತಪ್ಪಿಹೋದರೆ ನಷ್ಟ ದೊಡ್ಡದು.

ನಿಯಂತ್ರಣದ ವ್ಯಾಪ್ತಿ 50ಕ್ಕೆ 1 ಇರುವ ಇಂಥ ಪ್ಲಗ್ಗಿಗೆ ಸೈದ್ಧಾಂತಿಕ ಲೆಕ್ಕ ಹಾಕಿದರೆ, 20ರಲ್ಲಿ 15 ಮಿ.ಮೀ. ತೆರೆದಾಗ ಗುಣಾಂಕವು Kvsನ ಸುಮಾರು ಶೇಕಡಾ 38 ಮಾತ್ರ. ಅಂದರೆ 25ರ ಬದಲು 9.4. ಒತ್ತಡದ ಇಳಿತ ಅದೇ 0.64 ಬಾರ್ ಇದ್ದರೆ ಹರಿಯುವುದು ಗಂಟೆಗೆ ಸುಮಾರು 7.5 ಘನಮೀಟರ್. ಬೇಕಾದದ್ದು 12. ಜಾಗ್ರತೆಯಿಂದ ಒಂದು ಶ್ರೇಣಿ ದೊಡ್ಡ ವಾಲ್ವನ್ನು ಕೊಂಡದ್ದೂ ವ್ಯರ್ಥವಾಯಿತು. ಲಕ್ಷಣವೂ ದಾರಿತಪ್ಪಿಸುವಂಥದ್ದು: ಕಂಟ್ರೋಲರ್ ಪೂರ್ತಿ ತೆರೆಯುವ ಸಂಕೇತ ಕೊಟ್ಟರೂ ಶಾಖ ಇಳಿಯುವುದಿಲ್ಲ. ಜನ ಪಂಪನ್ನೋ ಸುರುಳಿಯಲ್ಲಿ ಕಟ್ಟಿದ ಉಪ್ಪನ್ನೋ ಅನುಮಾನಿಸುತ್ತಾರೆ. ಸ್ಪಿಂಡಲ್ ಪಕ್ಕದ ಅಳತೆಪಟ್ಟಿಯ ಮೇಲೆ ಸೂಚಕ ಎಲ್ಲಿ ನಿಂತಿದೆ ಎಂದು ನೋಡಿದರೆ ಕಾರಣ ಅಲ್ಲಿಯೇ ಕಾಣುತ್ತದೆ.

ಪೂರ್ಣಗೊಳಿಸಿದ ಹಾಳೆ

ಮೇಲಿನ ಅಂಶಗಳನ್ನು ಅನುಸರಿಸಿದರೆ ತಣ್ಣೀರಿನ ವಾಲ್ವಿನ ಕನ್ನಡ ಹಾಳೆ ಹೀಗಿರುತ್ತದೆ:

ಹರಿವಿನ ಗುಣಾಂಕ: Kvs 25 (ವಾಲ್ವು ಪೂರ್ಣ ತೆರೆದಾಗ, 1 ಬಾರ್ ಒತ್ತಡದ ಇಳಿತದಲ್ಲಿ, ಗಂಟೆಗೆ ಘನಮೀಟರ್ ನೀರು).
ಹರಿವಿನ ಗುಣ: ಈಕ್ವಲ್ ಪರ್ಸೆಂಟೇಜ್, ಲೀನಿಯರ್ ಅಲ್ಲ.
ಗಾಳಿ ನಿಂತಾಗ: ಸ್ಪ್ರಿಂಗಿನ ಬಲದಿಂದ ವಾಲ್ವು ಪೂರ್ತಿ ತೆರೆದುಕೊಳ್ಳುತ್ತದೆ, ನೀರು ಹರಿಯುತ್ತದೆ.
ಸಂಕೇತ ನಿಂತಾಗ: ತಯಾರಕರ ಪತ್ರದಂತೆ ತುಂಬತಕ್ಕದ್ದು.
ವಾಲ್ವಿನ ಸ್ಟ್ರೋಕ್: ಮುಚ್ಚಿದಲ್ಲಿಂದ ಪೂರ್ಣ ತೆರೆಯುವವರೆಗೆ ಸ್ಪಿಂಡಲ್ ಚಲಿಸುವ ದೂರ 20 ಮಿ.ಮೀ.
ಆಕ್ಚುಯೇಟರಿನ ಸ್ಟ್ರೋಕ್: 20 ಮಿ.ಮೀ. ಅಥವಾ ಹೆಚ್ಚು.

ಮೂಲದಲ್ಲಿ ಮೂರ್ನಾಲ್ಕು ಪದಗಳಿದ್ದ ಸಾಲು ಇಲ್ಲಿ ಉದ್ದವಾಗಿದೆ. ಉದ್ದವಾದದ್ದು ಅಲಂಕಾರಕ್ಕಲ್ಲ, ಮೂಲ ಹೇಳದೆ ಬಿಟ್ಟ ಷರತ್ತು ಪ್ರತಿ ಸಾಲಿನಲ್ಲಿಯೂ ಸೇರಿದೆ.

ಖರೀದಿ ಆದೇಶ ಮತ್ತು ಸರಕಿನ ಸ್ವೀಕಾರ

ಅನುವಾದದ ತಪ್ಪಿನಿಂದಾದ ನಷ್ಟವನ್ನು ಸರಬರಾಜುದಾರನಿಂದ ವಸೂಲು ಮಾಡಬಹುದೆಂದು ಕೆಲವು ಉದ್ಯಮಿಗಳು ಭಾವಿಸುತ್ತಾರೆ. 1930ರ ಸರಕು ಮಾರಾಟ ಕಾಯ್ದೆಯ 15ನೆಯ ಪ್ರಕರಣದಂತೆ, ವರ್ಣನೆಯ ಆಧಾರದ ಮೇಲೆ ಮಾರಿದ ಸರಕು ಆ ವರ್ಣನೆಗೆ ಅನುಗುಣವಾಗಿರತಕ್ಕದ್ದು. ಆದರೆ ವರ್ಣನೆಯೆಂದರೆ ಉಭಯತ್ರರ ನಡುವೆ ಒಪ್ಪಿತವಾದದ್ದು. ಸರಬರಾಜುದಾರ Cv 17 ಎಂದು ಬರೆದು Cv 17ರ ವಾಲ್ವನ್ನೇ ಕಳುಹಿಸಿದ್ದರೆ ಸರಕು ವರ್ಣನೆಗೆ ಅನುಗುಣವಾಗಿಯೇ ಇದೆ. ಕೊಳ್ಳುವವನು ತನ್ನ ಕಚೇರಿಯಲ್ಲಿ ಮಾಡಿಕೊಂಡ ಕನ್ನಡ ಪಟ್ಟಿ ಆದೇಶದ ಭಾಗವಲ್ಲದ್ದರಿಂದ ಅದರ ತಪ್ಪು ಅವನ ತಲೆಯ ಮೇಲೆಯೇ ಉಳಿಯುತ್ತದೆ. ಪೂರ್ಣಗೊಳಿಸಿದ ಹಾಳೆಯನ್ನು ಖರೀದಿ ಆದೇಶಕ್ಕೆ ಅನುಬಂಧವಾಗಿ ಲಗತ್ತಿಸಿ, ಸರಬರಾಜುದಾರನ ಒಪ್ಪಿಗೆಯ ಸಹಿ ಪಡೆದಾಗ ಮಾತ್ರ ಅದು ವರ್ಣನೆಯ ಸ್ಥಾನ ಪಡೆಯುತ್ತದೆ.

ಅನುಬಂಧದಲ್ಲಿ 'ಭಿನ್ನತೆ ಕಂಡುಬಂದಲ್ಲಿ ಇಂಗ್ಲಿಷ್ ಪಾಠವೇ ಪ್ರಮಾಣ' ಎಂಬ ವಾಕ್ಯವನ್ನು ಸೇರಿಸುವ ರೂಢಿಯಿದೆ. ವ್ಯವಹಾರದ ವಿವಾದಕ್ಕೆ ಅದು ಸರಿ. ಆದರೆ ರಿಯಾಕ್ಟರಿನ ಪಕ್ಕದಲ್ಲಿ ತೂಗುವ ಹಾಳೆಗೆ ಆ ವಾಕ್ಯದ ರಕ್ಷಣೆಯಿಲ್ಲ. ಆಪರೇಟರ್ ಓದುವುದು ಕನ್ನಡ ಪಾಠವನ್ನು ಮಾತ್ರ. ಆದ್ದರಿಂದ ಆ ಹಾಳೆಯನ್ನು ತೂಗುಹಾಕುವ ಮೊದಲು ವಾಲ್ವಿನ ಮೇಲೆಯೇ ಪರೀಕ್ಷಿಸಿ ನೋಡಬೇಕು.

ಪರೀಕ್ಷೆ ಕಷ್ಟದ್ದಲ್ಲ. ವಾಲ್ವನ್ನು ಪೈಪಿಗೆ ಜೋಡಿಸುವ ಮೊದಲು, ಮೇಜಿನ ಮೇಲಿಟ್ಟು, ತಯಾರಕರು ಸೂಚಿಸಿದ ಒತ್ತಡದ ಗಾಳಿಯನ್ನು ರೆಗ್ಯುಲೇಟರ್ ಮೂಲಕ ಕೊಡಬೇಕು. ತಣ್ಣೀರಿನ ವಾಲ್ವು ಗಾಳಿಗೆ ಮುಚ್ಚಿಕೊಳ್ಳಬೇಕು. ಅನಂತರ ಗಾಳಿಯ ಕಾಕ್ ಮುಚ್ಚಿ, ಕೊಳವೆಯಲ್ಲಿ ಉಳಿದ ಗಾಳಿಯನ್ನೂ ಹೊರಬಿಡಬೇಕು. ಅದನ್ನು ಬಿಡದಿದ್ದರೆ ವಾಲ್ವು ಅಲುಗದೆ ಪರೀಕ್ಷೆ ತಪ್ಪು ಫಲ ಕೊಡುತ್ತದೆ. ಸೂಚಕ ತೆರೆದ ಸ್ಥಾನಕ್ಕೆ ಬಂದರೆ 'ಗಾಳಿ ನಿಂತಾಗ' ಎಂಬ ಸಾಲು ಸರಿ. ಈ ಚಲನೆಯನ್ನು ಉಕ್ಕಿನ ಸ್ಕೇಲಿನಿಂದ ಅಳೆದರೆ 20 ಮಿ.ಮೀ. ಇದೆಯೇ ಎಂಬುದೂ ತಿಳಿಯುತ್ತದೆ. ಪೊಸಿಷನರಿಗೆ ಸಂಕೇತ ಕೊಟ್ಟು, ತಂತಿಯನ್ನು ಕಳಚಿ ನೋಡಿದರೆ ಇನ್ನೊಂದು ಸಾಲಿಗೂ ಪ್ರತ್ಯಕ್ಷ ಪ್ರಮಾಣ ದೊರೆಯುತ್ತದೆ. ಪರೀಕ್ಷೆಯ ವೇಳೆ ಬೆರಳುಗಳನ್ನು ಸ್ಪಿಂಡಲ್ ಮತ್ತು ಪ್ಲಗ್ಗಿನಿಂದ ದೂರವಿಡಬೇಕು.

ಈ ಪರೀಕ್ಷೆಗೆ ಎರಡು ಮಿತಿಗಳಿವೆ. ಹರಿವಿನ ಗುಣಾಂಕವನ್ನು ಮೇಜಿನ ಮೇಲೆ ಅಳೆಯಲಾಗದು. ಅದಕ್ಕೆ ತಯಾರಕರ ಪ್ರಮಾಣಪತ್ರವೇ ಆಧಾರ. ಹಾಗೆಯೇ ಪೈಪಿನೊಳಗಿನ ಪೂರ್ಣ ಒತ್ತಡದ ಎದುರು ಸ್ಪ್ರಿಂಗು ಉಗಿ ವಾಲ್ವನ್ನು ಮುಚ್ಚಬಲ್ಲದೇ ಎಂಬುದನ್ನು ಮೇಜಿನ ಪರೀಕ್ಷೆ ತೋರಿಸುವುದಿಲ್ಲ. ಎಷ್ಟು ಒತ್ತಡದ ಎದುರು ಮುಚ್ಚುತ್ತದೆ ಎಂಬುದನ್ನು ತಯಾರಕರಿಂದ ಬರೆಸಿಕೊಳ್ಳಬೇಕು. ಮುಂದೆ ದುರಸ್ತಿಯ ವೇಳೆ ಯಾರಾದರೂ ಸ್ಪ್ರಿಂಗಿನ ದಿಕ್ಕನ್ನು ತಿರುಗಿಸಿ ಜೋಡಿಸಿದರೆ, ಹಲವು ಆಕ್ಚುಯೇಟರುಗಳಲ್ಲಿ ಇದು ಸಾಧ್ಯ, ನಾಮಫಲಕವೂ ಹಾಳೆಯೂ ಹಳೆಯದನ್ನೇ ಹೇಳುತ್ತಿರುತ್ತವೆ. ಆದ್ದರಿಂದ ಪ್ರತಿ ದೊಡ್ಡ ದುರಸ್ತಿಯ ನಂತರ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಪರೀಕ್ಷೆಯನ್ನು ಸರಕು ಬಂದ ಕೂಡಲೇ ನಡೆಸುವುದಕ್ಕೆ ಕಾನೂನಿನ ಕಾರಣವೂ ಇದೆ. ಅದೇ ಕಾಯ್ದೆಯ 41ನೆಯ ಪ್ರಕರಣ ಕೊಳ್ಳುವವನಿಗೆ ಸರಕನ್ನು ಪರಿಶೀಲಿಸಲು ಯುಕ್ತ ಅವಕಾಶವನ್ನು ಕೊಡುತ್ತದೆ. ಆದರೆ 42ನೆಯ ಪ್ರಕರಣದಂತೆ, ತಿರಸ್ಕರಿಸುತ್ತೇನೆಂದು ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡರೆ ಸ್ವೀಕರಿಸಿದಂತೆಯೇ. ಸ್ವೀಕರಿಸಿದ ಮೇಲೆ, ಬೇರೆ ಕರಾರು ಇಲ್ಲದಿದ್ದರೆ, ಸಾಮಾನ್ಯವಾಗಿ ನಷ್ಟಪರಿಹಾರವನ್ನು ಕೇಳಬಹುದೇ ಹೊರತು ಸರಕನ್ನು ಹಿಂದಿರುಗಿಸುವ ಹಕ್ಕು ಉಳಿಯುವುದಿಲ್ಲ. ಉಗ್ರಾಣದ ಸ್ವೀಕೃತಿ ಚೀಟಿಯಲ್ಲಿ 'ಒಂದು ವಾಲ್ವ್ ಬಂದಿದೆ' ಎಂದು ಬರೆದು ಸಹಿ ಹಾಕುವ ಬದಲು, 'ಗಾಳಿ ನಿಂತಾಗ ತೆರೆಯಿತು. ಸ್ಟ್ರೋಕ್ 20 ಮಿ.ಮೀ. ಅಳೆಯಲಾಯಿತು, Kvs 25ರ ಪ್ರಮಾಣಪತ್ರ ಬಂದಿದೆ' ಎಂದು ದಿನಾಂಕ ಸಹಿತ ಬರೆದಿಟ್ಟರೆ ಆ ಚೀಟಿ ವಿವಾದದ ದಿನ ಸಾಕ್ಷ್ಯವಾಗುತ್ತದೆ. ಅದರ ಒಂದು ನಕಲನ್ನು ರಿಯಾಕ್ಟರಿನ ಪಕ್ಕದ ಹಾಳೆಯ ಹಿಂದೆ ಲಗತ್ತಿಸಿದರೆ, ಮುಂದಿನ ದುರಸ್ತಿಗೆ ಬರುವವನಿಗೂ ಹೋಲಿಸಿ ನೋಡಲು ಆಧಾರ ದೊರೆಯುತ್ತದೆ.